ಸೀನಿಯರ್ ಇಂಟರ್‌ಮೀಡಿಯೆಟ್ಟಿನ ಡಿಸೆಂಬರು

ನಮ್ಮ ಮನೆಯ ಅಟ್ಟದಿಂದ ವರ್ಷಕ್ಕೊಂದು ಸಲ ಏನಾದರೂ ನನ್ನ ತಲೆಯ ಮೇಲೆ ಬೀಳುತ್ತದೆ. ನನ್ನ ಹೆಂಡತಿ ಪುಟ್ಟಮ್ಮ ಅಟ್ಟ ಹತ್ತಿ ಗುಡಿಸುವಾಗ ಕೆಳಗೆ ಯಾರಿದ್ದಾರೆಂದು ನೋಡುವವಳಲ್ಲ. ನಾನೋ, ಕೆಳಗೆ ನಿಂತು ಮೇಲೇನು ನಡೆಯುತ್ತಿದೆ ಎಂದು ನೋಡದೆ ಇರುವವನಲ್ಲ. ಹೋದ ವರ್ಷ ಬೈರಿಗೆಯ ಹಿಡಿ ಬಿದ್ದು ಹಣೆ ಊದಿತ್ತು. ಈ ವರ್ಷ ಬಿದ್ದದ್ದು ಒಂದು ನೋಟ್‌ಬುಕ್ಕು. ಪೆಟ್ಟು ಕಡಿಮೆ, ಧೂಳು ಜಾಸ್ತಿ.

ತೆರೆದು ನೋಡಿದೆ. ನನ್ನ ತಮ್ಮ ಭದ್ರನದು, ಸೀನಿಯರ್ ಇಂಟರ್‌ಮೀಡಿಯೆಟ್ ಗಣಿತದ್ದು. ಮೊದಲ ಇಪ್ಪತ್ತಮೂರು ಪುಟ ನೋಡಬೇಕು ನೀವು! ಎಡಗಡೆ ಕೆಂಪು ಮಸಿಯ ಗೆರೆ, ತಲೆಬರಹದ ಕೆಳಗೆ ಜೋಡಿ ಗೆರೆ, ಪೋಣಿಸಿಟ್ಟಂತೆ ಅಕ್ಷರ. ಇಪ್ಪತ್ತನಾಲ್ಕಕ್ಕೆ ಕೆಂಪು ಮಸಿ ನಿಂತಿತು. ಮೂವತ್ತಕ್ಕೆ ಬರುವ ಹೊತ್ತಿಗೆ ಅಕ್ಷರಗಳು ಹೊರೆ ಹೊತ್ತ ಎತ್ತಿನಂತೆ ಒಂದು ಕಡೆಗೆ ವಾಲಿದ್ದವು. ಮೂವತ್ತೇಳನೆಯ ಪುಟದ ನಡುವೆ ಒಂದು ಲೆಕ್ಕ ಸಮ ಎಂಬ ಗುರುತಿನವರೆಗೆ ಬಂದು ನಿಂತಿದೆ. ಅದರ ಮುಂದೆ ಏನೂ ಇಲ್ಲ, ಖಾಲಿ ಕಾಗದ. ಕೊಂಚ ಕೆಳಗೆ ಬೇರೆ ಮಸಿಯಲ್ಲಿ ಲೆಕ್ಕ ಮತ್ತೆ ಶುರುವಾಗಿದೆ. ಆ ಎರಡು ಬಣ್ಣದ ಮಸಿಗಳ ನಡುವಿನ ನಾಲ್ಕು ಬೆರಳು ಜಾಗದಲ್ಲಿ ಏನೇನು ನಡೆಯಿತು ಎಂದು ನೆನೆದರೆ ನನಗೆ ಈಗಲೂ ಕುಳಿತಲ್ಲಿ ಕೂರಲಾಗುವುದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನೆಲಮಂಗಲದಲ್ಲಿ ತುಮಕೂರು ರಸ್ತೆಯ ಪಕ್ಕದಲ್ಲಿ ನಮ್ಮದು ಗಾಡಿ ಮಾಡುವ ಕೊಟ್ಟಿಗೆ. ನಾನು ಶಾಲೆ ಬಿಟ್ಟದ್ದು ಹನ್ನೆರಡನೆಯ ವಯಸ್ಸಿಗೆ. ಅಲ್ಲಿಂದ ಕೈಯಲ್ಲಿ ಬಾಚಿ, ಉಳಿ. ನಾನು ಕೂಡಿಸಿದ ಚಕ್ರ ಹತ್ತು ವರ್ಷ ಕಿರುಗುಟ್ಟದೆ ಓಡಬೇಕು, ಓಡಿದೆ. ಬೇಕಾದರೆ ದಾಬಸ್‌ಪೇಟೆಯವರೆಗೆ ಯಾರನ್ನಾದರೂ ಕೇಳಿ. ಹೆಮ್ಮೆ ಎನ್ನುತ್ತೀರಾ, ಅನ್ನಿ. ಚಕ್ರ ಮಾಡುವವನಿಗೆ ಅಷ್ಟೂ ಇರದಿದ್ದರೆ ಚಕ್ರದ ಕಡ್ಡಿಗಳು, ನಾವು ಅರೆಕಾಲು ಎನ್ನುವವು, ಬಿಗಿಯಾಗಿ ಕೂರುವುದಿಲ್ಲ.

ಶಾಲೆ ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಅಪ್ಪನಿಗೆ ಕಾಯಿಲೆಯಾಯಿತು, ಮನೆಯ ಭಾರ ಬಿತ್ತು. ಕೇಳಿದವರು ತಲೆಯಾಡಿಸಿ "ಪಾಪ" ಎನ್ನುತ್ತಿದ್ದರು. ಆ "ಪಾಪ" ನನಗೆ ಬಹಳ ಹಿಡಿಸುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ವರ್ಷ ಭದ್ರ ಬೆಂಗಳೂರಿನಲ್ಲಿ ಜೂನಿಯರ್ ಇಂಟರ್‌ಮೀಡಿಯೆಟ್ಟಿಗೆ, ಬಿ.ಎಸ್ಸಿ.ಗೆ ಮುಂಚಿನ ಎರಡು ವರ್ಷಗಳಲ್ಲಿ ಮೊದಲನೆಯದಕ್ಕೆ, ಸೇರಿದ. ನಮ್ಮ ಬೀದಿಯಿಂದ ಕಾಲೇಜಿಗೆ ಹೋದವನು ಅವನೇ ಮೊದಲು. ಆ ಸಂಭ್ರಮವನ್ನು ಏನೆಂದು ಹೇಳಲಿ! ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸು ಬಂದಾಗ ಅವನನ್ನು ಹತ್ತಿಸಲು ಹೋದವರು ಬಸ್ಸಿನೊಳಗೆ ಕೂತವರಿಗಿಂತ ಹೆಚ್ಚಿದ್ದರು. ಬಸ್ಸು ಹೊರಡಲಿಲ್ಲ. ನಾವೇ ನೂಕಿದೆವು. ಬೀದಿಯೆಲ್ಲ ಸೇರಿ ನೂಕಿ ಕಾಲೇಜಿಗೆ ಕಳಿಸಿದ ಹುಡುಗ ಇನ್ನೊಬ್ಬನಿದ್ದರೆ ತೋರಿಸಿ.

ಮೊದಲ ವರ್ಷ ವಾರಕ್ಕೊಂದು ಕಾಗದ. ಒಂದೊಂದೂ ನಾಲ್ಕು ಪುಟ. ಬಂದ ಕೂಡಲೇ ಕೊಟ್ಟಿಗೆಯಲ್ಲಿ ಕೆಲಸ ನಿಲ್ಲಬೇಕು. ನಾನು ಗಾಡಿಯ ಮೂಕಿಯ ಮೇಲೆ ಕೂತು ಗಟ್ಟಿಯಾಗಿ ಓದಬೇಕು, ಗಾಡಿ ರಿಪೇರಿಗೆ ಬಂದ ರೈತರು ಬೀಡಿ ಹಚ್ಚಿ ಕೇಳಬೇಕು. ಕಾಲೇಜಿನಲ್ಲಿ ಮೇಷ್ಟ್ರು ಹುಡುಗರನ್ನು "ಮಿಸ್ಟರ್" ಎನ್ನುತ್ತಾರಂತೆ. ಗಾಜಿನ ಕೊಳವೆಯೊಳಗೆ ನೀಲಿ ನೀರು ಹುಯ್ದರೆ ಕೆಂಪಾಗುತ್ತದಂತೆ. ಪಾಠವೆಲ್ಲ ಇಂಗ್ಲಿಷಿನಲ್ಲಂತೆ, ಮೊದಲ ಹದಿನೈದು ದಿನ "ದೇರ್‌ಫೋರ್" ಒಂದು ಬಿಟ್ಟು ಬೇರೇನೂ ತಿಳಿಯಲಿಲ್ಲವಂತೆ, ಆಮೇಲೆ ತಿಳಿಯಿತಂತೆ. ಒಂದು ವಾರ ಹಾಸ್ಟೆಲಿನ ಹುಡುಗರೆಲ್ಲ ಕ್ಲಾಸು ಬಿಟ್ಟು ಕ್ರಿಕೆಟ್ ಪಂದ್ಯಕ್ಕೆ ಹೋದರಂತೆ. ಈ ಕಾಗದವನ್ನು ನಾನು ಮೂರು ಸಲ ಓದಿ ಹೇಳಿದೆ. "ಬ್ಯಾಟು ಬೀಸ್ದಾಗ ಟಣ್ ಅಂತಂತಾ? ಇನ್ನೊಂದ್ಸಲ ಓದಿ ಆಚಾರ್ರೇ" ಎಂದವನು ಸೋಂಪುರದ ಮುನಿಯಣ್ಣ. ನನ್ನ ಗಿರಾಕಿಗಳಲ್ಲೆಲ್ಲ ಅವನದೇ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು.

ವರ್ಷದ ಕೊನೆಗೆ ಕಾಲೇಜಿನ ಪರೀಕ್ಷೆ ಪಾಸಾಗಿ ಭದ್ರ ಸೀನಿಯರಿಗೆ ಬಂದ. ಆಗ ನಾನು ಮಾಡಿದ ಕೆಲಸವನ್ನು ಬೇರೆ ಯಾರೂ ಮಾಡಿರಲಾರರು. ಗಾಡಿಯ ಹಿಂಬದಿಯ ಹಲಗೆಯ ಮೇಲೆ ಮಾಡಿದವನ ಹೆಸರು ಕೆತ್ತುವುದು ನಮ್ಮಲ್ಲಿ ವಾಡಿಕೆ. ನಾನು ನನ್ನ ಹೆಸರಿನ ಕೆಳಗೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, "ತಮ್ಮ: ಭದ್ರಾಚಾರಿ ಬಿ.ಎಸ್ಸಿ." ಎಂದು ಕೆತ್ತಿ ಹಳದಿ ಬಣ್ಣ ತುಂಬಿದೆ. ಬಿ.ಎಸ್ಸಿ.ಗೆ ಇನ್ನೂ ಮೂರು ವರ್ಷವಿತ್ತು ನಿಜ. ಆದರೆ ನನ್ನ ಗಾಡಿ ಹತ್ತು ವರ್ಷ ಓಡುವಂಥದ್ದು. ಏಳು ವರ್ಷ ಸರಿಯಾಗಿಯೇ ಇರುತ್ತದಲ್ಲ ಎಂಬುದು ನನ್ನ ಲೆಕ್ಕ. ಅಂಥ ಗಾಡಿಗಳು ಒಂಬತ್ತು ಹೋದವು.

ಎರಡನೆಯ ವರ್ಷ ಶುರುವಾಯಿತು. ಜೂನಿನಲ್ಲಿ ಎರಡು ಪುಟದ ಕಾಗದ. ಆಗಸ್ಟಿನಲ್ಲಿ ಒಂದು ಕಾರ್ಡು. ಆಮೇಲೆ "ಕ್ಷೇಮ. ಓದುತ್ತಿದ್ದೇನೆ." ಅಷ್ಟೇ. ಮುನಿಯಣ್ಣ ಬೀಡಿ ಹಚ್ಚಿ ಕೂತು, ಕಡ್ಡಿ ಆರುವುದರೊಳಗೆ ಕಾಗದ ಮುಗಿದುಹೋಗಿ ಪೆಚ್ಚಾಗುತ್ತಿದ್ದ. ನಾನು ಸುಮ್ಮನಿರಲಾಗದೆ ನನ್ನ ಕಡೆಯಿಂದ ಸೇರಿಸಿ ಓದಿದೆ. "ಮೇಷ್ಟ್ರು ಬೆನ್ನು ತಟ್ಟಿದರು" ಎಂದು ಅವನು ಬರೆಯದ ಸಾಲು ಓದುತ್ತಿದ್ದೆ. ಅವನಿಗೆ ನಾನು ಬರೆದ ಕಾಗದಗಳಂತೂ ಉದ್ದವಾಗುತ್ತಲೇ ಹೋದವು: ಊರೆಲ್ಲ ನಿನ್ನನ್ನೇ ಕೇಳುತ್ತಿದೆ, ಮೊದಲ ದರ್ಜೆ ಬಿಟ್ಟು ಬೇರೆ ಮಾತಿಲ್ಲ, ಹೀಗೆ. ದಸರಾ ರಜೆಗೆ ಅವನು ಬರಲಿಲ್ಲ. ಸ್ಪೆಷಲ್ ಕ್ಲಾಸು ಎಂದ.

ಡಿಸೆಂಬರಿನಲ್ಲಿ ಬಂದ. ರಜೆಗೆ ಬರುವವನು ಒಂದು ಚೀಲ ತರುತ್ತಾನೆ. ಭದ್ರ ಟ್ರಂಕು, ಹಾಸಿಗೆ ಸುರುಳಿ, ಲಾಟೀನು ಎಲ್ಲವನ್ನೂ ತಂದಿದ್ದ. ಟ್ರಂಕು ಇಳಿಸಿ, ಗೋಡೆಗೆ ನೇತುಹಾಕಿದ್ದ ಬಾಚಿಯನ್ನು ಕೈಗೆ ತೆಗೆದುಕೊಂಡು ಹೇಳಿದ:

"ಅಣ್ಣ, ನಾಳೆಯಿಂದ ನಾನೂ ಕೆಲಸಕ್ಕೆ ಕೂತ್ಕೋತೀನಿ."

"ರಜೆ ತಾನೇ, ಕೂತ್ಕೋ."

"ರಜಕ್ಕಲ್ಲ. ಕಾಲೇಜಿಗೆ ಹೋಗಲ್ಲ ಇನ್ಮೇಲೆ."

ಸರ್ಕಾರಿ ಪರೀಕ್ಷೆಗೆ ಅರ್ಜಿ ತುಂಬಿ ಕೊಡುವುದು ರಜೆ ಮುಗಿದ ದಿನವೇ ಕಡೆ. ಕೊಡದಿದ್ದರೆ ಎರಡು ವರ್ಷವೂ ಹೋದಂತೆ. ಕೈಯಲ್ಲಿದ್ದದ್ದು ಹದಿಮೂರು ದಿನ. ನಾನು ಕೂಗಾಡಿದೆ. ಸೋಮಾರಿ ಎಂದೆ, ಪಟ್ಟಣದ ಗಾಳಿ ಎಂದೆ, ಕ್ರಿಕೆಟ್ಟನ್ನೂ ಬೈದೆ. ಅವನು ಮರ ಕೆತ್ತುತ್ತ ಕೂತ. ಸೋಮಾರಿ ಎಂದು ಬೈಸಿಕೊಂಡವನು ಎರಡು ದಿನದಲ್ಲಿ ಹನ್ನೆರಡು ಅರೆಕಾಲು ಕೆತ್ತಿಟ್ಟ! ಅದನ್ನು ನೋಡಿ ನನ್ನ ಬೈಗುಳ ನಾಲಿಗೆಯ ಮೇಲೇ ನಿಂತಿತು. ಸೋಮಾರಿತನ ಅಲ್ಲ, ಹಾಗಾದರೆ ಏನು?

ಚಕ್ರ ಒಂದೇ ಕಡೆಗೆ ಎಳೆಯುತ್ತಿದ್ದರೆ ನಾನು ಎತ್ತನ್ನು ಹೊಡೆಯುವುದಿಲ್ಲ, ಗಾಡಿಯ ಕೆಳಗೆ ನುಗ್ಗಿ ನೋಡುತ್ತೇನೆ. ಈಗಲೂ ನೋಡೇಬಿಡೋಣ ಎಂದು ಹಠ ಹುಟ್ಟಿತು. ಎರಡನೆಯ ವರ್ಷ ಎಂದರೇನು, ಅದು ಹುಡುಗರನ್ನು ಹೇಗೆ ಹಿಡಿಯುತ್ತದೆ ಎಂದು ನೆಲಮಂಗಲದಲ್ಲಿ ಓದಿಕೊಂಡವರನ್ನೆಲ್ಲ ಕೇಳುತ್ತ ಹೊರಟೆ. ಶಾಲೆ ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ ನನ್ನ ವಿದ್ಯಾಭ್ಯಾಸ ಹೀಗೆ ಮುಂದುವರಿಯಿತು.

ಮೊದಲು ನಮ್ಮೂರ ಡಾಕ್ಟರು. ಅವರ ಕುದುರೆ ಗಾಡಿಯ ಚಕ್ರ ನೋಡುವ ನೆವದಲ್ಲಿ ಹೋದೆ.

"ಸ್ವಾಮಿ, ತಾವು ಎರಡನೇ ವರ್ಷ ಹೇಗೆ ಓದಿದ್ರಿ?"

"ಹೇಗೆ ಅಂದ್ರೆ? ಓದ್ದೆ. ಪಾಸಾದೆ. ನಿಮ್ಮ ತಮ್ಮನಿಗೆ ಬೆಳಿಗ್ಗೆ ಬೇಗ ಏಳೋಕೆ ಹೇಳಿ."

ನಾನು ಚಕ್ರದ ಕೆಳಗೆ ಮಲಗಿಕೊಂಡೇ ಇದ್ದೆ, ಏಳಲಿಲ್ಲ. ಮುಖ ಕಾಣದಿದ್ದರೆ ಮನುಷ್ಯ ನಿಜ ಹೇಳುತ್ತಾನೆ ಎಂದು ಅವತ್ತು ಕಂಡುಕೊಂಡೆ. ಡಾಕ್ಟರು ತಾವಾಗಿಯೇ ಶುರುಮಾಡಿದರು.

"ಮೊದಲ್ನೇ ವರ್ಷ ಏನ್ರೀ ಆಚಾರ್ರೇ, ಕೈಯಲ್ಲಿ ಮೂಳೆ ಹಿಡ್ಕೊಂಡು ಓಡಾಡೋದೇ ಒಂದು ಗತ್ತು. ಎರಡನೇ ವರ್ಷ ಆ ಮೂಳೆ ಒಳಗೆ ಏನು ನಡೀತದೆ ಅಂತ ಕೇಳಿದ್ರು ನೋಡಿ, ಅಲ್ಲಿ ಸಿಕ್ಕಿಹಾಕ್ಕೊಂಡೆ. ಒಂದು ಶನಿವಾರದ ಪಾಠ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅಂತ ಸೋಮವಾರ ಹೋಗಲಿಲ್ಲ. ಸೋಮವಾರ ಹೋಗಲಿಲ್ಲವಲ್ಲ ಅಂತ ಮಂಗಳವಾರ ಹೋಗೋಕೆ ನಾಚಿಕೆ. ಊಟಕ್ಕೂ ಎಲ್ಲರೂ ಎದ್ದಮೇಲೆ ಹೋಗ್ತಿದ್ದೆ. ಎಲ್ಲಿ ಪಾಠದ ಮಾತು ತೆಗೀತಾರೋ ಅಂತ."

"ಆಮೇಲೆ?"

"ಆಮೇಲೆ ಒಂದು ವರ್ಷ ಹೆಚ್ಚಿಗೆ ಓದ್ದೆ. ಚಕ್ರ ಆಯ್ತಾ?"

ಚಕ್ರಕ್ಕೆ ಏನೂ ಆಗಿರಲಿಲ್ಲ. ಆದರೂ ಎದ್ದು "ಆಯ್ತು" ಎಂದೆ.

ಮಾರನೆಯ ದಿನ ಅಮಲ್ದಾರರ ಕಚೇರಿಯ ಇಂಗ್ಲಿಷ್ ಗುಮಾಸ್ತರು. ಬಿ.ಎ. ಮಾಡಿದವರು, ಕರಿ ಕೋಟು. ಅವರೂ ಮೊದಲು "ಎಲ್ಲಾ ಮೈಗಳ್ಳತನ" ಎಂದರು. ನಾನು ಜಾಗ ಬಿಟ್ಟು ಏಳದಿದ್ದಕ್ಕೆ ಅವರಿಗೇ ತಡೆಯಲಾಗದೆ ಕುರ್ಚಿ ಹತ್ತಿರ ಎಳೆದುಕೊಂಡರು.

"ಮೊದಲ ವರ್ಷ ಮೇಷ್ಟ್ರು ಹೆಸರು ಕೇಳ್ತಾರೆ, ಊರು ಕೇಳ್ತಾರೆ. ಎರಡನೇ ವರ್ಷ ಜೂನಿಯರಿಗೆ ಹೊಸಬರು ಬಂದಿರ್ತಾರೆ. ಕೇಳೋದೆಲ್ಲ ಅವರನ್ನ. ನಮ್ಮನ್ನ ಹಳಬರು, ಎಲ್ಲ ಬಲ್ಲವರು ಅಂದ್ಕೋತಾರೆ. ಹೋದ ವರ್ಷದ್ದು ಬಂದೇ ಬರ್ತದೆ ಅನ್ನೋ ಲೆಕ್ಕದ ಮೇಲೆ ಪಾಠ ಶುರು. ಬರದಿದ್ದವನು ಬಾಯಿ ಬಿಟ್ಟರೆ ಮರ್ಯಾದೆ ಹೋಯ್ತು. ಅಕ್ಕಪಕ್ಕದವರು ಬರ್ಕೋತಿರ್ತಾರೆ, ಎಲ್ಲರಿಗೂ ತಿಳೀತು, ನಾನೊಬ್ಬನೇ ದಡ್ಡ ಅನ್ಸತ್ತೆ. ಶುರುವಿನ ಹುರುಪು ಮುಗಿದಿದೆ, ಕೊನೆ ಕಣ್ಣಿಗೆ ಕಾಣಲ್ಲ. ನಡುವೆ ನಿಂತುಬಿಡ್ತೀವಿ."

ಇಬ್ಬರು ಬೇರೆ ಬೇರೆ ಮನುಷ್ಯರು, ಬೇರೆ ಬೇರೆ ಕಾಲೇಜು, ಒಂದೇ ಗುಂಡಿ! ಬಿದ್ದವರೆಲ್ಲ ಎದ್ದು ಬಂದು ಮೇಲೆ ಚಾಪೆ ಹಾಸಿ ಮುಚ್ಚಿದ್ದಾರೆ. ಹಿಂದೆ ಬರುವವನಿಗೆ ಅಲ್ಲೊಂದು ಗುಂಡಿಯಿದೆ ಎಂದು ಯಾರೂ ಹೇಳುವುದಿಲ್ಲ. ಹಿಡಿದೆ, ಹಿಡಿದೆ ಎಂದುಕೊಂಡು ಮನೆಗೆ ಓಡುವ ಹಾಗೆ ಬಂದೆ.

ಭದ್ರ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ನಾನು ಕೈ ತೊಳೆಯುವ ಮೊದಲೇ ಕೇಳಿದೆ.

"ಯಾವ ಶನಿವಾರ ಕಣೋ ನಿಂಗೆ ಅರ್ಥ ಆಗದಿದ್ದಿದ್ದು?"

ಅವನ ಕೈಯಲ್ಲಿದ್ದ ಮುದ್ದೆಯ ತುತ್ತು ಅರ್ಧಕ್ಕೆ ನಿಂತಿತು. "ನಿಂಗ್ಯಾರು ಹೇಳಿದ್ರು?"

"ಯಾರೋ ಹೇಳಿದ್ರು. ಹೇಳು."

"ಶನಿವಾರ ಅಲ್ಲ, ಗುರುವಾರ" ಎಂದ. ಆಮೇಲೆ ಒಂದೇ ಉಸಿರಿಗೆ ಎಲ್ಲವೂ ಬಂತು. ಜುಲೈಯಲ್ಲಿ ಗಣಿತ ಕೈಬಿಟ್ಟಿತು. ಗಣಿತ ಹೋದಮೇಲೆ ಫಿಸಿಕ್ಸೂ ಹೋಯಿತು, ಅದರ ಲೆಕ್ಕಗಳೂ ಇದರ ಮೇಲೇ ನಿಂತಿರುವುದು. ಕ್ಲಾಸಿನ ಹೊತ್ತಿಗೆ ಕಾಲೇಜಿನ ಗೇಟಿನವರೆಗೆ ಹೋಗಿ, ಗೇಟಿನ ಬಳಿ ನಿಂತು, ವಾಪಸ್ಸು ಬರುತ್ತಿದ್ದ.

"ಅಕ್ಟೋಬರಿನಲ್ಲಿ ಒಂದಿನ ಹಂಗೇ ನಿಂತಿದ್ದೆ ಅಣ್ಣ. ಕ್ಲಾಸಿನ ಹುಡುಗ್ರೂ ಇದ್ರು. ಸೋಂಪುರದ ಮುನಿಯಣ್ಣನ ಗಾಡಿ ಮುಂದೇನೇ ಹೋಯ್ತು, ಹುಲ್ಲು ಹೇರ್ಕೊಂಡು. ಹಿಂದ್ಗಡೆ ಹಲಗೆ ಮೇಲೆ, ಹಳದಿ ಬಣ್ಣದಲ್ಲಿ..."

ನಾನೂ ತಟ್ಟೆ ಎಳೆದುಕೊಂಡು ಕೂತೆ, ಮುಖ ತಟ್ಟೆಯ ಕಡೆ ಮಾಡಿ.

"ಅವರೆಲ್ಲಾ ಗಟ್ಟಿಯಾಗಿ ಓದಿದ್ರು. 'ಭದ್ರಾಚಾರಿ ಬಿ.ಎಸ್ಸಿ.' ಅಂತ. ಮುನಿಯಣ್ಣ ಬೇರೆ ನನ್ನ ನೋಡಿ ಗಾಡಿ ನಿಲ್ಲಿಸಿ, 'ಇವ್ನೇ ಕಣ್ರಪ್ಪಾ ಆ ಬಿ.ಎಸ್ಸಿ., ಕೈ ಮುಗೀರಿ' ಅಂದ. ಅವತ್ತಿಂದ ನನ್ನ ಹೆಸರು ಎತ್ತಿನಗಾಡಿ ಬಿ.ಎಸ್ಸಿ. ಅದೂ ಪರವಾಗಿಲ್ಲ. ಈ ಊರಲ್ಲಿ ಒಂಬತ್ತು ಗಾಡಿ ಮೇಲೆ ಪಾಸಾಗಿರೋನು, ಜುಲೈದು ಒಂದು ಲೆಕ್ಕ ಬರಲ್ಲ ಅಂತ ಯಾರ ಹತ್ರ ಹೋಗಿ ಕೇಳ್ಲಿ?"

ಎರಡು ದಿನ ಊರೆಲ್ಲ ಸುತ್ತಿ ಗಾಡಿಯ ಕೆಳಗೆಲ್ಲ ಹುಡುಕಿದವನಿಗೆ, ಎಳೆತದ ಕಾರಣದಲ್ಲಿ ಒಂದು ಪಾಲು ನಾನೇ ಕೆತ್ತಿ ಬಣ್ಣ ಬಳಿದದ್ದು ಎಂದು ಆಗ ತಿಳಿಯಿತು. ಆದರೆ ಹೆಮ್ಮೆಯ ಮನುಷ್ಯ ಅಷ್ಟು ಬೇಗ ಬಗ್ಗುತ್ತಾನೆಯೇ? ಗಂಟಲು ಸರಿಮಾಡಿಕೊಂಡು, "ನನ್ ನೋಡೋ. ನಂಗೇನು ಓದೋ ಆಸೆ ಇರಲಿಲ್ವಾ? ಅಪ್ಪನಿಗೆ ಕಾಯಿಲೆ ಬಂತು, ಮನೆ ಭಾರ..." ಎಂದು ಶುರುಮಾಡಿದೆ.

ಪುಟ್ಟಮ್ಮ ಸಾರಿನ ಸೌಟನ್ನು ಪಾತ್ರೆಗೆ ಸದ್ದಾಗುವಂತೆ ಇಟ್ಟಳು.

"ಏನ್ರೀ, ಆ ಕಥೆ ಬ್ಯಾಡ. ನಿಜವಾದ್ದು ಹೇಳಿ."

"ಯಾವ್ದೇ ನಿಜವಾದ್ದು?"

"ನಮ್ಮಣ್ಣ ಇಸ್ಕೂಲಲ್ಲಿ ನಿಮ್ಮ ಪಕ್ಕದಾಗೆ ಕೂತ್ಕೋತಿದ್ದ. ಮದ್ವೆಗೆ ಮುಂಚೇನೇ ನಂಗೆಲ್ಲಾ ಹೇಳವ್ನೆ. ಹದ್ನಾಲ್ಕು ವರ್ಷದಿಂದ ನಿಮ್ಮ 'ಪಾಪ' ಕೇಳ್ಕೊಂಡು ಬಂದಿದೀನಿ. ಇವತ್ತು ನಿಮ್ಮ ತಮ್ಮನಿಗೋಸ್ಕರನಾದ್ರೂ ಹೇಳಿ."

ಹದಿನಾಲ್ಕು ವರ್ಷ! ಒಂದು ದಿನವೂ ಮುಖದಲ್ಲಿ ತೋರಿಸಿಕೊಂಡಿರಲಿಲ್ಲ ಮಹರಾಯಿತಿ.

ಹೇಳಿದೆ. ತಟ್ಟೆ ನೋಡಿಕೊಂಡು ಹೇಳಿದೆ. ನಾನು ಶಾಲೆ ಬಿಟ್ಟದ್ದು ಭಿನ್ನರಾಶಿಯಿಂದ. ಅರ್ಧಕ್ಕೆ ಕಾಲು ಕೂಡಿಸುವುದು ಬರುತ್ತಿತ್ತು. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಬರುತ್ತದೆ ಎಂದರು ಮೇಷ್ಟ್ರು. ಭಾಗಿಸಿದರೆ ಚಿಕ್ಕದಾಗಬೇಕಲ್ಲ, ದೊಡ್ಡದು ಹೇಗಾಯಿತು? ಕೇಳಲು ನಾಚಿಕೆ. ಯಾಕೆಂದರೆ ಅದಕ್ಕೆ ಹಿಂದಿನ ವರ್ಷ ತರಗತಿಗೆ ನಾನೇ ಮೊದಲನೆಯವನು. ಒಂದು ದಿನ ಹೊಟ್ಟೆನೋವು ಎಂದೆ, ಇನ್ನೊಂದು ದಿನ ತಲೆನೋವು. ಆಮೇಲೆ ಕೆರೆ ಏರಿಯ ಮೇಲೆ ಕೂತು ಶಾಲೆ ಬಿಡುವ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಅಪ್ಪ ಹಿಡಿದು ಕೇಳಿದಾಗ ಕೊಟ್ಟಿಗೆ ಕೆಲಸ ಇಷ್ಟ ಎಂದೆ. ಅಪ್ಪನಿಗೆ ಕಾಯಿಲೆ ಬಂದದ್ದು ಅದಾಗಿ ಐದು ತಿಂಗಳಿಗೆ. ಸತ್ತವರ ತಲೆಯ ಮೇಲೆ ಹಾಕಿದರೆ ಎದ್ದು ಬಂದು ಇಲ್ಲವೆನ್ನುವುದಿಲ್ಲವಲ್ಲ.

ನನ್ನ ತಮ್ಮ ನನ್ನನ್ನೇ ನೋಡುತ್ತಿದ್ದ. ಬೈಯುತ್ತಾನೆ ಅಥವಾ ನಗುತ್ತಾನೆ ಎಂದುಕೊಂಡೆ. ಅವನು ಎಡಗೈಯಿಂದ ಕಣ್ಣು ಒರೆಸಿಕೊಂಡು, "ಒಂದು ಅರ್ಧ ರೊಟ್ಟೀಲಿ ಎಷ್ಟು ಕಾಲು ರೊಟ್ಟಿ ಇರ್ತವೆ ಅಣ್ಣ?" ಎಂದ.

"ಎರಡು."

"ಅಷ್ಟೇನೇ. ಅದೇ ಭಾಗಾಕಾರ."

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಇಷ್ಟೇನಾ! ಇಷ್ಟಕ್ಕಾಗಿ ಒಬ್ಬ ಹುಡುಗ ಕೆರೆ ಏರಿಯ ಮೇಲೆ ಒಂದು ತಿಂಗಳು ಕೂತಿದ್ದನಾ! ಅಳಬೇಕೋ ಕುಣಿಯಬೇಕೋ ತಿಳಿಯದೆ, "ಲೇ, ನಿನ್ನ ಜುಲೈದೂ ಇಷ್ಟೇ ಇರಬೇಕು ಕಣೋ. ಪುಸ್ತಕ ತಗೊಂಬಾ. ನಂಗೆ ಹೇಳಿಕೊಡು" ಎಂದು ಕೂಗಿದೆ.

"ನಿಂಗಾ? ಅದು ಕೋನಿಕ್ ಸೆಕ್ಷನ್ ಅಣ್ಣ!"

"ಏನಾದ್ರೂ ಆಗ್ಲಿ. ನಂಗೆ ಅರ್ಥವಾಗೋವರೆಗೂ ಮುಂದಕ್ಕೆ ಹೋಗೋ ಹಂಗಿಲ್ಲ."

ಉಳಿದದ್ದು ಒಂಬತ್ತು ದಿನ. ಬೆಳಗಿನ ಹೊತ್ತು ಕೆಲಸಕ್ಕೆ ಮುಂಚೆ ಎರಡು ಗಂಟೆ, ಸಂಜೆ ಬೆಳಕಿರುವವರೆಗೆ ಒಂದು ಗಂಟೆ, ಹಲಗೆಯ ಮೇಲೆ ಸೀಮೆಸುಣ್ಣ. ಅವನು ಮೊದಲು ಮೂವತ್ತೇಳನೆಯ ಪುಟದಿಂದಲೇ ಶುರುಮಾಡಿದ. ಪ್ಯಾರಾಬೋಲ ಎಂದರೆ ಮೇಲಕ್ಕೆಸೆದ ಕಲ್ಲು ಬಾಗಿ ಬೀಳುವ ದಾರಿಯಂಥ ಗೆರೆ. ಅದಕ್ಕೆ ಅಡ್ಡವಾಗಿ ನೇರ ಗೆರೆ ಎಳೆದರೆ ಎರಡು ಕಡೆ ಕಡಿಯುತ್ತದೆ. ಎಲ್ಲಿ ಕಡಿಯುತ್ತದೆ ಎಂದು ಹುಡುಕಲು ಎರಡೂ ಗೆರೆಗಳ ಸಮೀಕರಣ ಸೇರಿಸಿದರೆ ಎರಡು ಉತ್ತರ ಬರುವ ಒಂದು ಲೆಕ್ಕ ಹುಟ್ಟುತ್ತದೆ. ಗೆರೆ ಕಡಿಯದೆ ಬರೀ ಮುಟ್ಟಿಕೊಂಡು ಹೋದರೆ ಅದು ಟ್ಯಾಂಜೆಂಟು. ಆಗ ಎರಡು ಉತ್ತರವೂ ಒಂದೇ. ಅಲ್ಲಿಂದ ಒಂದು ಸೂತ್ರ.

"ಎರಡು ಉತ್ತರ ಯಾಕೆ ಒಂದೇ ಆಗ್ಬೇಕು?" ಎಂದೆ.

"ಪುಸ್ತಕದಲ್ಲಿ ಹಂಗಿದೆ."

"ಪುಸ್ತಕ ಬಿಡು. ನೀನು ಹೇಳು."

ಅವನು ಸೀಮೆಸುಣ್ಣ ಕೆಳಗಿಟ್ಟ. "ಗೊತ್ತಿಲ್ಲ ಅಣ್ಣ" ಎಂದ. ಐದು ತಿಂಗಳಲ್ಲಿ ಆ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆಡಿದ ಮೇಲೆ ಅವನ ಭುಜ ಇಳಿದದ್ದನ್ನು ನಾನು ನೋಡಿದೆ, ಹೊರೆ ಇಳಿಸಿದವನ ಭುಜದಂತೆ.

ಹಿಂದಕ್ಕೆ ಹೋದೆವು. ಎರಡು ಉತ್ತರ ಬರುವ ಲೆಕ್ಕ ಎಲ್ಲಿಂದ ಬಂತು? ಜೂನಿಯರಿನದು. ಟ್ರಂಕಿನಿಂದ ಹಳೆಯ ನೋಟ್‌ಬುಕ್ಕು ತೆಗೆದ. ಉತ್ತರಗಳು ಯಾವಾಗ ಎರಡು, ಯಾವಾಗ ಒಂದೇ ಎನ್ನುವ ಪಾಠ ಇರಬೇಕಾದ ಕಡೆ ನಾಲ್ಕು ಪುಟ ಖಾಲಿ. ಯಾಕೆ ಖಾಲಿ? ಅದೇ ಕ್ರಿಕೆಟ್ ಪಂದ್ಯದ ವಾರ. ನಾನು ಮೂರು ಸಲ ಗಟ್ಟಿಯಾಗಿ ಓದಿ ಹೇಳಿದ್ದ ಕಾಗದದ ವಾರ! ವರ್ಷದ ಕೊನೆಗೆ ಭದ್ರ ಆ ಸೂತ್ರವನ್ನು ಬಾಯಿಪಾಠ ಮಾಡಿದ್ದ, ಪರೀಕ್ಷೆಯಲ್ಲಿ ಪುಸ್ತಕದ ಲೆಕ್ಕವೇ ಬಂತು, ಪಾಸಾದ. ಮೊದಲ ವರ್ಷಕ್ಕೆ ಬಾಯಿಪಾಠ ಸಾಕಾಗಿತ್ತು. ಎರಡನೆಯ ವರ್ಷ ಅದನ್ನೇ ಉಳಿಯಂತೆ ಕೈಗೆ ತೆಗೆದುಕೊಂಡು ಕೆಲಸ ಮಾಡು ಎಂದರೆ ಹಿಡಿಯೇ ಇರಲಿಲ್ಲ. ಹುಡುಗ ದಡ್ಡನಾಗಿರಲಿಲ್ಲ. ನಾಲ್ಕು ಪುಟ ಖಾಲಿ ಇದ್ದವು, ಅಷ್ಟೇ.

ಆ ನಾಲ್ಕು ಪುಟಕ್ಕೆ ಮೂರು ದಿನ ಹಿಡಿಯಿತು. ಮೂರನೆಯ ದಿನ ಮುನಿಯಣ್ಣ ಗಾಡಿ ತಂದು ನಿಲ್ಲಿಸಿದ. ಒಂದು ಚಕ್ರ ಅಂಗಳದ ಕಲ್ಲುಚಪ್ಪಡಿಯ ಮೇಲೆ, ಇನ್ನೊಂದು ಗರಗಸದ ಹೊಟ್ಟಿನ ರಾಶಿಯ ಮೇಲೆ. ಹೊಟ್ಟಿನೊಳಗೆ ಚಕ್ರ ಗೇಣುದ್ದ ಇಳಿಯಿತು. ಭದ್ರ ಅದನ್ನು ನೋಡುತ್ತಾ ನಿಂತವನು ಇದ್ದಕ್ಕಿದ್ದಂತೆ ಓಡಿಹೋಗಿ ಚಕ್ರದ ಪಕ್ಕ ಮಂಡಿಯೂರಿದ.

"ಅಣ್ಣಾ! ಇಲ್ನೋಡು! ಹೊಟ್ಟಿನ ಮಟ್ಟ ಚಕ್ರಾನ ಎಲ್ಲೆಲ್ಲಿ ಕಡೀತಿದೆ? ಇಲ್ಲೊಂದು, ಅಲ್ಲೊಂದು. ಎರಡು! ಚಕ್ರ ಮೇಲಕ್ಕೆ ಎತ್ತಿದ್ರೆ? ಎತ್ತು, ಎತ್ತು! ಮುನಿಯಣ್ಣ, ನೀನೂ ಹಿಡಿ!"

ಮುನಿಯಣ್ಣನೂ ನಾನೂ ಅಚ್ಚಿಗೆ ಭುಜ ಕೊಟ್ಟು ಎತ್ತಿದೆವು. ಎತ್ತುತ್ತ ಹೋದಂತೆ ಕಡಿದಿದ್ದ ಎರಡು ಜಾಗಗಳು ಹತ್ತಿರ ಹತ್ತಿರ ಬಂದವು. ಚಕ್ರ ಹೊಟ್ಟನ್ನು ಬರೀ ಸವರುವಷ್ಟಾದಾಗ ಎರಡೂ ಕೂಡಿಕೊಂಡು ಒಂದಾದವು.

"ನಿಲ್ಸಿ! ಅಲ್ಲೇ ನಿಲ್ಸಿ! ಅದೇ ಟ್ಯಾಂಜೆಂಟು! ಎರಡು ಉತ್ತರ ಕಾಣೆಯಾಗಲ್ಲ ಅಣ್ಣ, ಒಂದರ ಮೇಲೊಂದು ಕೂತ್ಕೋತವೆ! ಅದಕ್ಕೇ ಒಂದೇ ಅನ್ನೋದು! ಚಕ್ರ ಆದ್ರೇನು, ಪ್ಯಾರಾಬೋಲ ಆದ್ರೇನು!"

"ಲೇ ಬಿ.ಎಸ್ಸಿ., ಇಳಿಸ್ಲಾ ಇಲ್ಲ ಹಿಂಗೇ ಸಾಯ್ಲಾ?" ಎಂದ ಮುನಿಯಣ್ಣ, ಮುಖ ಕೆಂಪಗೆ ಮಾಡಿಕೊಂಡು.

ಭದ್ರ ಆಗಲೇ ಹಲಗೆಯ ಹತ್ತಿರ ಓಡಿದ್ದ. ಸಮ ಗುರುತಿನ ಹತ್ತಿರ ಐದು ತಿಂಗಳು ನಿಂತಿದ್ದ ಲೆಕ್ಕ ಹಲಗೆಯ ಮೇಲೆ ಐದು ನಿಮಿಷದಲ್ಲಿ ಮುಗಿಯಿತು. ಬರೆಯುತ್ತ ಬರೆಯುತ್ತ ಅವನು ಸೀಟಿ ಹೊಡೆಯುತ್ತಿದ್ದ. ಕಾಲೇಜಿಗೆ ಸೇರಿದ ಹೊಸದರಲ್ಲಿ ಶೂಸು ಕಟ್ಟಿಕೊಳ್ಳುವಾಗ ಹೊಡೆಯುತ್ತಿದ್ದ ಸೀಟಿ ಅದು. ನಾನೋ, ತಿಳಿದದ್ದು ಕಾಲುಭಾಗವಾದರೂ, ಪೂರ್ತಿ ತಿಳಿದವನಿಗಿಂತ ಜೋರಾಗಿ ಕೇಕೆ ಹಾಕಿದೆ.

ಮಾರನೆಯ ದಿನ ನಾನು ಮರ ಹೆರೆಯುವ ತೋಪಡ ಹಿಡಿದುಕೊಂಡು ಊರೂರು ಹೊರಟೆ. ಒಂಬತ್ತು ಗಾಡಿಗಳ ಹಲಗೆಯಿಂದ ಬಿ.ಎಸ್ಸಿ. ಹೆರೆಯಬೇಕಿತ್ತು. ನನ್ನ ಕೈಕೆಲಸವನ್ನು ನಾನೇ ಹೆರೆಯುವುದು ಎಂಥ ಕಷ್ಟ ಎಂದು ಕೆಲಸಗಾರರಿಗೆ ಗೊತ್ತು. ಆಳವಾಗಿ ಕೆತ್ತಿದ್ದೆ ಬೇರೆ, ದರಿದ್ರ.

"ಯಾಕ್ ಆಚಾರ್ರೇ, ತಮ್ಮ ಫೇಲಾದ್ನಾ?" ಎಂದು ಹೋದ ಕಡೆಯೆಲ್ಲ ಕೇಳಿದರು.

"ಇಲ್ಲ. ಓದ್ತಾ ಇದಾನೆ" ಎಂದೆ. ಆ ಮಾತು ಎಷ್ಟು ಚೆನ್ನಾಗಿದೆ ನೋಡಿ! ಒಂಬತ್ತು ಕಡೆ ಹೇಳುವುದರೊಳಗೆ ನನಗೇ ರುಚಿ ಹತ್ತಿತು.

ಜಗಳಕ್ಕೆ ನಿಂತವನು ಮುನಿಯಣ್ಣ ಒಬ್ಬನೇ. "ನನ್ ಗಾಡಿ ಮುಟ್ಬೇಡಿ. ಸಂತೇಲಿ ಬಿ.ಎಸ್ಸಿ. ಗಾಡಿ ಅಂತ ದಾರಿ ಬಿಡ್ತಾರೆ ನಂಗೆ!"

"ಅವನು ಪಾಸಾದ್ಮೇಲೆ ನಾನೇ ಬಂದು ಕೆತ್ಕೊಡ್ತೀನಿ ಮಾರಾಯ."

"ಮಾತು ಕೊಡಿ."

ಕೊಟ್ಟೆ. ಮೂರು ವರ್ಷದ ಮೇಲೆ ಕೆತ್ತಿಯೂ ಕೊಟ್ಟೆ. ಅದನ್ನು ಹೇಳಲು ನನಗೇನೂ ಅವಸರವಿಲ್ಲ, ಆದರೆ ಹೇಳದೆ ಹೋದರೆ ನೀವು ಸುಮ್ಮನೆ ಚಿಂತೆ ಮಾಡುತ್ತೀರಿ. ನನಗೆ ಇಂದಿಗೂ ಮೈ ಬೆಚ್ಚಗಾಗಿಸುವುದು ಆ ಡಿಗ್ರಿಯಲ್ಲ. ರಜೆ ಮುಗಿದ ದಿನ ನಡೆದದ್ದು.

ಅರ್ಜಿಗೆ ಪೋಷಕರ ರುಜು ಬೇಕಿತ್ತು. ನಾನೂ ಭದ್ರನ ಜೊತೆ ಹೋದೆ. ಆಫೀಸಿನಲ್ಲಿ ಅರ್ಜಿ ಕೊಟ್ಟೆವು. ಗಂಟೆ ಹೊಡೆಯಿತು. ಗಣಿತದ ಕ್ಲಾಸು. ಒಂಬತ್ತು ದಿನ ಎಷ್ಟು ಓದಿದರೇನು, ಆರು ತಿಂಗಳ ಪಾಠ ಇನ್ನೂ ಗುಡ್ಡದಷ್ಟಿತ್ತು. ಬಾಗಿಲ ಹತ್ತಿರ ಭದ್ರನ ಕಾಲು ನಿಂತಿತು.

"ಅಣ್ಣ, ಮುಂದಿಂದು ಒಂದಕ್ಷರ ಗೊತ್ತಿಲ್ಲ."

"ಹಂಗಂತ ಹೇಳು, ಎದ್ದು ನಿಂತು."

"ನಗ್ತಾರೆ."

"ನಕ್ರೆ ನಗ್ಲಿ. ಕೆರೆ ಏರಿಗಿಂತ ಇದು ವಾಸಿ ಕಣೋ. ಅಲ್ಲಿ ನಗೋರೂ ಇರಲ್ಲ."

ಒಳಗೆ ಹೋದ. ನಾನು ಜಗಲಿಯ ಕಿಟಕಿಯ ಪಕ್ಕದಲ್ಲಿ ಕಂಬಕ್ಕೆ ಒರಗಿ ನಿಂತೆ. ಪೇಟ ಸುತ್ತಿದ ಮೇಷ್ಟ್ರು ಬಂದರು. ಕಪ್ಪುಹಲಗೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರುಮಾಡಿದರು. ನನಗೆ ತಿಳಿದದ್ದು "ದೇರ್‌ಫೋರ್" ಒಂದೇ. ಎರಡು ದೇರ್‌ಫೋರ್ ಹೋಯಿತು. ಮೂರು ಹೋಯಿತು. ಎದ್ದೇಳೋ, ಎದ್ದೇಳೋ ಎಂದುಕೊಂಡು ನಾನು ಕಿಟಕಿಗೆ ಇನ್ನೂ ಹತ್ತಿರವಾದೆ.

ಭದ್ರ ಎದ್ದು ನಿಂತ. ಇಂಗ್ಲಿಷಿನಲ್ಲಿ ಏನೋ ಹೇಳಿದ. ಹಿಂದಿನ ಬೆಂಚಿನಲ್ಲಿ ಯಾರೋ "ಎತ್ತಿನಗಾಡಿ" ಎಂದ. ಕಿಸಕ್ಕೆಂದರು. ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡೇ ತಿರುಗಿ, ಕನ್ನಡಕ ತೆಗೆದು, ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಕೇಳಿದರು.

"ಯಾವಾಗಿನಿಂದ ಅರ್ಥವಾಗಿಲ್ಲ?"

"ಜುಲೈಯಿಂದ ಸಾರ್."

"ಹೂಂ. ಬೇರೆ ಯಾರಿಗೆ ಅರ್ಥವಾಗಿಲ್ಲ? ಕೈ ಎತ್ತಿ."

ಯಾರೂ ಎತ್ತಲಿಲ್ಲ. ಭದ್ರ ಒಬ್ಬನೇ ನಿಂತಿದ್ದ. ನನ್ನ ತಮ್ಮನ ಕಿವಿ ಕೆಂಪಾದದ್ದು ನನಗೆ ಕಿಟಕಿಯಿಂದ ಕಂಡಿತು. ಆಗ ಮೊದಲ ಬೆಂಚಿನಲ್ಲಿ, ಅಷ್ಟು ಹೊತ್ತೂ ಬರೆದುಕೊಳ್ಳುತ್ತಲೇ ಇದ್ದ ಹುಡುಗನೊಬ್ಬ ಪೆನ್ನು ಕೆಳಗಿಟ್ಟು ಮೆಲ್ಲಗೆ ಕೈ ಎತ್ತಿದ. ಅವನ ಪಕ್ಕದವನು ಅವನನ್ನು ನೋಡಿ ಎತ್ತಿದ. ಗೋಡೆಯ ಕಡೆಯಿಂದ ಎರಡು. ನಡುವಿನ ಬೆಂಚಿನ ಪೂರ್ತಿ ಸಾಲು. ಕೊನೆಗೆ "ಎತ್ತಿನಗಾಡಿ" ಎಂದಿದ್ದವನದೂ ಎದ್ದಿತು. ಅರ್ಧ ಕ್ಲಾಸು ಕೈ ಎತ್ತಿಕೊಂಡು ಕೂತಿತ್ತು!

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡು ಆ ಕೈಗಳನ್ನು ನೋಡಿದರು. "ಹಾಗಾದರೆ ನಾನು ಜುಲೈಯಿಂದ ಗೋಡೆಗೆ ಪಾಠ ಹೇಳಿದೆನೇನ್ರಯ್ಯಾ!" ಎಂದು, ಕಪ್ಪುಹಲಗೆಯ ಮೇಲಿನದನ್ನೆಲ್ಲ ಒಂದೇ ಸಲಕ್ಕೆ ಒರೆಸಿಹಾಕಿದರು.

ಹಿಂದಿನಿಂದ ಯಾರೋ ನನ್ನ ಮೊಣಕೈ ಮುಟ್ಟಿದರು. ಕಾಲೇಜಿನ ಜವಾನ.

"ಯಾಕ್ರೀ ಯಜಮಾನ್ರೇ, ಕೈ ಎತ್ಕೊಂಡು ನಿಂತಿದೀರಿ? ನಿಮಗೂ ಅರ್ಥವಾಗಿಲ್ವಾ?"

ನೋಡುತ್ತೇನೆ, ನನ್ನ ಬಲಗೈ ನೆತ್ತಿಯಿಂದ ಮೇಲಿತ್ತು. ಇಳಿಸಬೇಕು ಎನ್ನಿಸಲಿಲ್ಲ.

"ಹೂಂ ಕಣಪ್ಪಾ. ಇಪ್ಪತ್ತು ವರ್ಷದಿಂದ."